ವಿದ್ಯಾರ್ಥಿವೇತನದ ಅರ್ಜಿ ತಿರಸ್ಕೃತವಾಗಿದೆ: ತಮ್ಮನ ಮರುಪರಿಶೀಲನೆ ಪತ್ರ ನೋಡಿ ಹೇಳಿ

ತುಮಕೂರಿನ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಎರಡನೇ ವರ್ಷದ ಬಿಇ ಓದುತ್ತಿದ್ದಾನೆ. ಆಗಸ್ಟ್‌ನಲ್ಲಿ ಒಂದು ಖಾಸಗಿ ಟ್ರಸ್ಟ್‌ನ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದ. ಹೆಸರು ಬೇಡ, ಅವರ ಮೇಲೆ ನಮಗೇನೂ ದೂರಿಲ್ಲ. 2024ರ ನವೆಂಬರ್ 12ಕ್ಕೆ ಎರಡು ಸಾಲಿನ ಮೇಲ್ ಬಂತು: "ಕುಟುಂಬದ ವಾರ್ಷಿಕ ಆದಾಯ 3,00,000 ರೂಪಾಯಿಗಿಂತ ಹೆಚ್ಚಿರುವುದರಿಂದ ಅರ್ಜಿಯನ್ನು ಪರಿಗಣಿಸಲಾಗಿಲ್ಲ. ಸಮಿತಿಯ ತೀರ್ಮಾನ ಅಂತಿಮ."

ನಮ್ಮ ಪರಿಸ್ಥಿತಿ ಹೀಗಿದೆ. ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ 14 ವರ್ಷ ಸಿಎನ್‌ಸಿ ಆಪರೇಟರ್ ಆಗಿದ್ದರು. ತಿಂಗಳಿಗೆ 30,000 ಬರುತ್ತಿತ್ತು. ಈ ವರ್ಷ ಮೇ ಕೊನೆಗೆ ಆ ಘಟಕ ಮುಚ್ಚಿತು. ಜೂನ್, ಜುಲೈ ಎರಡು ತಿಂಗಳು ಕೆಲಸ ಇರಲಿಲ್ಲ. ಆಗಸ್ಟ್‌ನಿಂದ ಇಲ್ಲೇ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿದ್ದಾರೆ, ತಿಂಗಳಿಗೆ 14,000, ಕೈಯಲ್ಲಿ ನಗದು. ಅಮ್ಮ ಟೈಲರಿಂಗ್ ಮಾಡುತ್ತಾರೆ, ತಿಂಗಳಿಗೆ ಸುಮಾರು 4,000. ಅದನ್ನು ಅರ್ಜಿಯಲ್ಲಿ ಬರೆದಿದ್ದೇವೆ.

ಅರ್ಜಿಯ ಜೊತೆ ಅಪ್ಪನ ಐಟಿ ರಿಟರ್ನ್ ಮತ್ತು ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದ್ದರು, ಕೊಟ್ಟಿದ್ದೇವೆ. ಕೆಲಸ ಹೋಗಿರುವುದನ್ನು ಹೇಳಲು ಆ ಫಾರಂನಲ್ಲಿ ಜಾಗವೇ ಇರಲಿಲ್ಲ.

ತಮ್ಮ ಬರೆದ ಪತ್ರ ಇದು. ಹೀಗೇ ಕಳಿಸಬಹುದಾ?

> ಮಾನ್ಯರೇ, ನನ್ನ ಅರ್ಜಿಯನ್ನು ತಾವು ತಿರಸ್ಕರಿಸಿರುವುದು ನನಗೆ ತುಂಬಾ ನೋವು ತಂದಿದೆ. ಇಂಜಿನಿಯರ್ ಆಗಬೇಕು ಎಂಬುದು ನನ್ನ ಚಿಕ್ಕಂದಿನ ಕನಸು. ನಮ್ಮದು ಬಡ ಕುಟುಂಬ. ತಂದೆಯವರು ಬಹಳ ಕಷ್ಟದಲ್ಲಿದ್ದಾರೆ. ನಮ್ಮ ಆದಾಯ ಮಿತಿಯ ಒಳಗೇ ಇದೆ. ನನ್ನ ತರಗತಿಯಲ್ಲಿ ನಮಗಿಂತ ಅನುಕೂಲವಾಗಿರುವ ಇಬ್ಬರಿಗೆ ಇದೇ ವಿದ್ಯಾರ್ಥಿವೇತನ ಸಿಕ್ಕಿದೆ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ನನ್ನ ಅರ್ಜಿಯನ್ನು ಪುನಃ ನೋಡಿ ನ್ಯಾಯ ಒದಗಿಸಬೇಕೆಂದು ಬೇಡಿಕೊಳ್ಳುತ್ತೇನೆ.

ಕರಾವಳಿ ಹುಡುಗ

ಪತ್ರ ಗಿತ್ರ ಬಿಡಿ ಅಕ್ಕ. ಮೊದಲು ಆರ್‌ಟಿಐ ಹಾಕಿ. ಯಾವ ಲೆಕ್ಕದ ಮೇಲೆ ತಿರಸ್ಕರಿಸಿದರು, ಯಾರಿಗೆಲ್ಲ ಕೊಟ್ಟರು, ಎಲ್ಲ ಹೊರಗೆ ಬರುತ್ತದೆ. ಜೊತೆಗೆ ತಹಶೀಲ್ದಾರರಿಂದ ಹೊಸ ಆದಾಯ ಪ್ರಮಾಣಪತ್ರ ಮಾಡಿಸಿ ಕೊಟ್ಟುಬಿಡಿ. ಅಷ್ಟು ಸಾಕು.

ಹಳೆ ಕಡತ

ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಲ್ಲೇ ನನ್ನ ಕೆಲಸದ ಬಹುಪಾಲು ಕಳೆದಿದೆ, ಈಗ ನಿವೃತ್ತ. ಇಂಥ ಪತ್ರಗಳನ್ನು ಬರೆಸಿದ್ದೇನೆ, ಕಳಿಸಿದ್ದೇನೆ.

ಕರಾವಳಿಯವರೇ, ಆರ್‌ಟಿಐ ಕಾಯ್ದೆ ಸರ್ಕಾರಿ ಪ್ರಾಧಿಕಾರಗಳಿಗೆ ಮತ್ತು ಸರ್ಕಾರದ ಹಣದಿಂದಲೇ ಬಹುಪಾಲು ನಡೆಯುವ ಸಂಸ್ಥೆಗಳಿಗೆ. ತನ್ನ ಹಣವನ್ನೇ ಹಂಚುವ ಖಾಸಗಿ ಟ್ರಸ್ಟ್‌ಗೆ ಅದು ಹೊಂದುವುದಿಲ್ಲ. ಹೊಸ ಆದಾಯ ಪ್ರಮಾಣಪತ್ರದ ವಿಷಯ ಮಾತ್ರ ನೀವು ಸರಿಯಾಗಿಯೇ ಹೇಳಿದ್ದೀರಿ. ಆದರೆ ಅದೊಂದೇ ಸಾಲದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ತುಮಕೂರಿನ ಅಕ್ಕ, ಪತ್ರ ತಿದ್ದುವ ಮೊದಲು ಸಮಿತಿಯ ಕೈಯಲ್ಲಿ ಯಾವ ಕಾಗದ ಇತ್ತು ಎಂದು ನೋಡಬೇಕು. ಐಟಿ ರಿಟರ್ನ್ ಮೇಲೆ ಯಾವ ವರ್ಷ ಇದೆ?

ತುಮಕೂರಿನ ಅಕ್ಕ

ಅಸೆಸ್‌ಮೆಂಟ್ ಇಯರ್ 2024-25 ಎಂದಿದೆ ಸರ್. ಸಂಬಳ 3,60,000.

ಹಳೆ ಕಡತ

ಅಲ್ಲೇ ಇದೆ ನೋಡಿ ತೊಡಕು. ಅಸೆಸ್‌ಮೆಂಟ್ ಇಯರ್ 2024-25 ಎಂದರೆ ಅದರಲ್ಲಿರುವುದು 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗಿನ ಆದಾಯ. ಆ ಹನ್ನೆರಡು ತಿಂಗಳೂ ನಿಮ್ಮ ತಂದೆ ಕೆಲಸದಲ್ಲಿದ್ದರು. ಕೆಲಸ ಹೋಗಿದ್ದು ಮೇ ತಿಂಗಳಲ್ಲಿ. ಅಂದರೆ ಆ ರಿಟರ್ನ್‌ನಲ್ಲಿ ಅದರ ಸುಳಿವೂ ಇಲ್ಲ. ಆದರೆ ಮೇಲೆ 2024-25 ಎಂದಿರುವುದರಿಂದ ಓದುವವರಿಗೆ ಈ ವರ್ಷದ್ದೇ ಅನಿಸುತ್ತದೆ. ನೂರಾರು ಅರ್ಜಿ ಮುಂದಿಟ್ಟುಕೊಂಡು ಕೂತವರು 3,60,000 ನೋಡುತ್ತಾರೆ, ಮಿತಿ 3,00,000, ಮುಂದಿನ ಅರ್ಜಿ ಎತ್ತಿಕೊಳ್ಳುತ್ತಾರೆ.

ಹಾಗಾಗಿ "ನಮ್ಮ ಆದಾಯ ಮಿತಿಯ ಒಳಗೇ ಇದೆ" ಎಂದು ಬರೆದರೆ, ಅವರು ಕಡತ ತೆಗೆದು ಅದೇ ಕಾಗದ ನೋಡಿ ಮತ್ತೆ ಮುಚ್ಚುತ್ತಾರೆ. ನೀವು ಸುಳ್ಳು ಹೇಳುತ್ತಿದ್ದೀರಿ ಎಂದೇ ಅಂದುಕೊಳ್ಳಬಹುದು. ಬರೆಯಬೇಕಾದದ್ದು ಇದು: ನಾನು ಕೊಟ್ಟ ದಾಖಲೆಯ ಪ್ರಕಾರ ತಮ್ಮ ತೀರ್ಮಾನ ಸರಿ. ಆದರೆ ಆ ದಾಖಲೆ ಹೋದ ವರ್ಷದ ಆದಾಯದ್ದು. ಆಮೇಲೆ ಹೀಗಾಗಿದೆ, ಅದಕ್ಕೆ ದಾಖಲೆ ಇಲ್ಲಿದೆ.

ಇನ್ನೊಂದು ವಿಷಯ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಕಾರ್ಖಾನೆಯ ಲೆಕ್ಕ ಚುಕ್ತಾ ಮಾಡಿದ ಹಣ ಏನಾದರೂ ಜಮಾ ಆಗಿದೆಯಾ?

ತುಮಕೂರಿನ ಅಕ್ಕ

ಹೌದು ಸರ್. ಜೂನ್‌ನಲ್ಲಿ 1,47,000 ಒಟ್ಟಿಗೆ ಬಂದಿದೆ. ಗ್ರ್ಯಾಚುಯಿಟಿ.

ಬಸವ ಬೀದರ್

ನಂದೂ ಇದೇ ಸಮಸ್ಯೆ ಅಕ್ಕಾವ್ರೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ನನ್ನ ಅರ್ಜಿ ಮಂಜೂರಾಗಿದೆ ಅಂತ ತೋರಿಸುತ್ತಿದೆ, ಹಣ ಮಾತ್ರ ಬಂದಿಲ್ಲ. ನಾನೂ ಇಂಥದ್ದೇ ಪತ್ರ ಬರೆಯಬೇಕಾ? ಯಾರಿಗೆ ಬರೆಯಬೇಕು? ಸಮಾಜ ಕಲ್ಯಾಣ ಇಲಾಖೆಗಾ, ಕಾಲೇಜಿಗಾ?

ಹಳೆ ಕಡತ

ಬಸವ, ನಿಮ್ಮದು ಬೇರೆ ವಿಷಯ. ನಿಮ್ಮ ಅರ್ಜಿಯನ್ನು ಯಾರೂ ತಿರಸ್ಕರಿಸಿಲ್ಲ, ಮಂಜೂರಾಗಿದೆ. ಹಣ ಬಾರದಿದ್ದರೆ ಮೊದಲು ಬ್ಯಾಂಕಿಗೆ ಹೋಗಿ, ಆಧಾರ್ ನಿಮ್ಮ ಖಾತೆಗೆ ಎನ್‌ಪಿಸಿಐ ಮೂಲಕ ಜೋಡಣೆ ಆಗಿದೆಯಾ ಎಂದು ಕೇಳಿ. ಬರೀ ಕೆವೈಸಿಗೆ ಆಧಾರ್ ಕೊಟ್ಟಿದ್ದರೆ ಸಾಲದು. ಎರಡು ಖಾತೆ ಇದ್ದರೆ ಹಣ ಇನ್ನೊಂದಕ್ಕೆ ಹೋಗಿರಲೂಬಹುದು. ಅಲ್ಲಿ ಎಲ್ಲ ಸರಿ ಇದೆ ಎಂದಾದ ಮೇಲೆ ಇಲಾಖೆಯ ತಾಲ್ಲೂಕು ಕಚೇರಿ. ಸದ್ಯಕ್ಕೆ ಪತ್ರದ ಕೆಲಸ ಇಲ್ಲ.

ಬಸವ ಬೀದರ್

ಎರಡು ಖಾತೆ ಇವೆ. ನಾಳೆನೇ ಹಳೆ ಖಾತೆ ನೋಡಿಸುತ್ತೇನೆ. ಉಪಕಾರ ಆಯಿತು ಸರ್.

ಹಳೆ ಕಡತ

ಮತ್ತೆ ಗ್ರ್ಯಾಚುಯಿಟಿಗೆ ಬರುತ್ತೇನೆ. ಲೆಕ್ಕ ತಾಳೆ ಆಗುತ್ತದಾ ನೋಡೋಣ. ತಂದೆಯವರ ಕೊನೆಯ ಬೇಸಿಕ್ ಮತ್ತು ಡಿಎ ಸೇರಿ 18,200 ಇತ್ತಾ? ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 700. ವರ್ಷಕ್ಕೆ 15 ದಿನದ್ದು 10,500. 14 ವರ್ಷಕ್ಕೆ 1,47,000. ಕಾಯ್ದೆಯ ಲೆಕ್ಕವೇ ಇದು.

ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಸ್ಟೇಟ್‌ಮೆಂಟ್ ನೋಡಿದವರಿಗೆ ಅದು ಗ್ರ್ಯಾಚುಯಿಟಿ ಎಂದು ಗೊತ್ತಾಗುವುದಿಲ್ಲ. ಕಂಪನಿ ಹೆಸರಿನಲ್ಲಿ ದೊಡ್ಡ ಮೊತ್ತ ಬಂದಿದೆ ಎಂದಷ್ಟೇ ಕಾಣುತ್ತದೆ. ಬೋನಸ್ ಅಂದುಕೊಳ್ಳಬಹುದು, ಇನ್ನೂ ಕೆಲಸದಲ್ಲೇ ಇದ್ದಾರೆ ಅಂದುಕೊಳ್ಳಬಹುದು. ಕೆಲಸ ಹೋಯಿತು ಎನ್ನುವುದಕ್ಕೆ ಸಾಕ್ಷಿಯಾಗಬೇಕಾದ ಹಣವೇ ನಿಮಗೆ ಅಡ್ಡ ಬಂದಿರಬಹುದು. ಆ ಜಮಾ ಏನು, ಯಾವ ದಿನಾಂಕದ್ದು, ಒಂದೇ ಸಲದ್ದು ಎಂದು ಪತ್ರದಲ್ಲಿ ನೀವಾಗಿಯೇ ಬರೆಯಿರಿ. ಅವರು ಕೇಳಲಿ ಎಂದು ಕಾಯಬೇಡಿ.

ತುಮಕೂರಿನ ಅಕ್ಕ

ಸಂಬಳ ಚೀಟಿ ತೆಗೆದು ನೋಡಿದೆ ಸರ್, 18,200 ಸರಿಯಾಗಿದೆ. ಇದು ನಮಗೆ ಹೊಳೆದೇ ಇರಲಿಲ್ಲ.

ಕರಾವಳಿ ಹುಡುಗ

ಒಂದು ಸಂಶಯ. 3,60,000 ಎನ್ನುವುದು ಒಟ್ಟು ಸಂಬಳ ಅಲ್ವಾ? ಅದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಹೋದರೆ 3,10,000. ಇನ್ನು ಪಿಎಫ್ ಕಳೆದರೆ 3 ಲಕ್ಷದ ಒಳಗೇ ಬರುತ್ತದೆ. ಹಾಗೆ ವಾದ ಮಾಡಿದರೆ ಕೆಲಸ ಹೋದ ಕತೆಯೇ ಬೇಡ.

ಹಳೆ ಕಡತ

ತೆರಿಗೆಯ ಲೆಕ್ಕಕ್ಕೆ ನಿಮ್ಮ ಮಾತು ಸರಿ. ಆದರೆ ವಿದ್ಯಾರ್ಥಿವೇತನದ ಮಿತಿಗೆ ಸಾಮಾನ್ಯವಾಗಿ ನೋಡುವುದು ಮನೆಗೆ ಬಂದ ಒಟ್ಟು ಆದಾಯವನ್ನು, ತೆರಿಗೆ ಕಟ್ಟಬೇಕಾದ ಆದಾಯವನ್ನಲ್ಲ. ಅಮ್ಮನ ಟೈಲರಿಂಗ್ ಹಣ ಸೇರಿಸಿದರೆ ಹೋದ ವರ್ಷ ಈ ಕುಟುಂಬದ್ದು 4,08,000. ಹೋದ ವರ್ಷ ಇವರು ಮಿತಿಯ ಹೊರಗೇ ಇದ್ದರು. ಅದನ್ನು ಒಪ್ಪಿಕೊಂಡರೆ ಈ ವರ್ಷದ ಮಾತಿಗೆ ಬಲ ಬರುತ್ತದೆ. ಎರಡೂ ವಾದ ಒಟ್ಟಿಗೆ ಹಾಕಿದರೆ ಎರಡೂ ಸಡಿಲ.

ಪೀಣ್ಯ ಸೆಕೆಂಡ್ ಸ್ಟೇಜ್

ನಾನೂ ಅದೇ ಏರಿಯಾದಲ್ಲಿ ಶಾಪ್ ಫ್ಲೋರ್‌ನಲ್ಲಿದ್ದವನು. ಕೆಲಸ ಹೋಗಿದ್ದಕ್ಕೆ ಒಳ್ಳೆ ದಾಖಲೆ ಪಿಎಫ್. ಅಪ್ಪಾಜಿಯವರ ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಹಾಕಿ ಇಪಿಎಫ್‌ಒ ಪೋರ್ಟಲ್‌ಗೆ ಹೋಗಿ, `Service History` ತೆಗೆಯಿರಿ. ಅಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೂ ಇರುತ್ತವೆ. ಪಾಸ್‌ಬುಕ್‌ನಲ್ಲಿ ಕೊನೆಯ ಕಂತು ಯಾವ ತಿಂಗಳದ್ದು ಎಂದು ಕಾಣುತ್ತದೆ. ಅದನ್ನು ಯಾರೂ ಮನೆಯಲ್ಲಿ ಕೂತು ಬರೆದುಕೊಳ್ಳಲು ಆಗುವುದಿಲ್ಲ, ಅದಕ್ಕೇ ನಂಬುತ್ತಾರೆ.

ಮುಚ್ಚಿದ ಕಂಪನಿಗಳು ಎಷ್ಟೋ ಸಲ ಬಿಟ್ಟ ದಿನಾಂಕ ಹಾಕುವುದೇ ಇಲ್ಲ. ಆ ಜಾಗ ಖಾಲಿ ಇದ್ದರೆ ಗಾಬರಿ ಬೇಡ. ಕೊನೆಯ ಕಂತು ಕಟ್ಟಿ ಎರಡು ತಿಂಗಳು ಆಗಿದ್ದರೆ ಅವರೇ `Mark Exit` ಒತ್ತಿ ಹಾಕಿಕೊಳ್ಳಬಹುದು. ಆಧಾರ್‌ಗೆ ಕೊಟ್ಟ ಮೊಬೈಲ್‌ಗೆ ಒಟಿಪಿ ಬರುತ್ತದೆ. ದಿನಾಂಕ ಮಾತ್ರ ನೋಡಿಕೊಂಡು ಹಾಕಿ. ಕೊನೆಯ ಕಂತಿನ ತಿಂಗಳಿಗೆ ಹೊಂದಬೇಕು, ಆಮೇಲೆ ಬದಲಿಸುವುದು ತಲೆನೋವು.

ತುಮಕೂರಿನ ಅಕ್ಕ

ಈಗಷ್ಟೇ ನೋಡಿದೆವು ಅಣ್ಣ. ಬಿಟ್ಟ ದಿನ 31-05-2024 ಎಂದು ಇದೆ. ಘಟಕ ಮುಚ್ಚುವ ನೋಟಿಸ್ ಪ್ರತಿಯೂ ಅಪ್ಪನ ಹತ್ತಿರ ಇದೆ.

ಸಮಸ್ಯೆ ಈಗಿನ ಕೆಲಸದ್ದು. ಅಂಗಡಿಯ ಯಜಮಾನರು ಸಂಬಳ ಬರೆದುಕೊಡಲು ಹಿಂದೇಟು ಹಾಕುತ್ತಿದ್ದಾರೆ. ಜಿಎಸ್‌ಟಿ, ಲೇಬರ್ ಇನ್‌ಸ್ಪೆಕ್ಟರ್ ಅಂತ ಭಯ. ಒಳ್ಳೆಯವರೇ, ಒತ್ತಾಯ ಮಾಡಲು ಮನಸ್ಸಿಲ್ಲ.

ಹಳೆ ಕಡತ

ಒತ್ತಾಯ ಬೇಡ. ತಂದೆಯವರು ಇ-ಸ್ಟ್ಯಾಂಪ್ ಕಾಗದದ ಮೇಲೆ ಅಫಿಡವಿಟ್ ಮಾಡಿ ನೋಟರಿ ಮಾಡಿಸಲಿ. ಯಾವ ತಿಂಗಳಿಂದ, ಯಾವ ಬಗೆಯ ಕೆಲಸ, ತಿಂಗಳಿಗೆ ಎಷ್ಟು, ನಗದಾಗಿ ಬರುತ್ತದೆ, ಇಷ್ಟು ಸಾಕು. ನಗದು ಸಂಬಳದವರು ಎಲ್ಲ ಕಡೆ ಇದ್ದಾರೆ, ಟ್ರಸ್ಟ್‌ನವರಿಗೂ ಅದು ಹೊಸದಲ್ಲ.

ಅದರ ಜೊತೆ ನಾಡಕಚೇರಿಯಲ್ಲಿ ಹೊಸ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಹಳೆಯದು ಐದು ವರ್ಷ ಚಾಲ್ತಿಯಲ್ಲಿರುತ್ತದೆ ಎಂದು ಜನ ಸುಮ್ನಿರುತ್ತಾರೆ. ಚಾಲ್ತಿಯಲ್ಲಿರುವುದು ಕಾಗದ, ಆದಾಯ ಬದಲಾಗಿದೆಯಲ್ಲ. ಪಿಎಫ್ ದಾಖಲೆ, ಮುಚ್ಚಿದ ನೋಟಿಸ್ ಎರಡನ್ನೂ ಗ್ರಾಮ ಆಡಳಿತಾಧಿಕಾರಿಗೆ ತೋರಿಸಿ. ಪತ್ರ ಕಳಿಸುವ ಹೊತ್ತಿಗೆ ಅದು ಕೈಗೆ ಬರದಿದ್ದರೆ ಸಕಾಲದ ಸ್ವೀಕೃತಿ ಚೀಟಿ ಲಗತ್ತಿಸಿ, ಬಂದ ಮೇಲೆ ಕಳಿಸುತ್ತೇನೆ ಎಂದು ಬರೆಯಿರಿ.

ಅದೊಂದೇ ಸಾಲದು ಎಂದಿದ್ದು ಇದಕ್ಕೆ: ಒಂದು ಕಡೆ 3,60,000ದ ರಿಟರ್ನ್, ಇನ್ನೊಂದು ಕಡೆ 2 ಲಕ್ಷದ ಪ್ರಮಾಣಪತ್ರ. ನಡುವೆ ಏನಾಯಿತು ಎಂದು ಯಾರೂ ಹೇಳದಿದ್ದರೆ ಅನುಮಾನವೇ ಜಾಸ್ತಿಯಾಗುತ್ತದೆ. ಆ ನಡುವಿನದನ್ನು ಹೇಳುವುದೇ ಪತ್ರದ ಕೆಲಸ.

ಕನ್ನಡ ಮೇಡಂ

ನಾನು ಪಿಯು ಉಪನ್ಯಾಸಕಿ. ಲೆಕ್ಕ, ದಾಖಲೆ ಎಲ್ಲ ಒಪ್ಪುತ್ತೇನೆ. ಆದರೆ ಓದುವವರೂ ಮನುಷ್ಯರೇ ಅಲ್ವಾ? ಹುಡುಗನ ಕನಸು, ಅಪ್ಪ ಕೆಲಸ ಕಳೆದುಕೊಂಡ ಸಂಕಟ, ಇವೆಲ್ಲ ತೆಗೆದರೆ ಪತ್ರ ಬ್ಯಾಂಕಿನ ನೋಟಿಸ್ ಆಗಿಬಿಡುತ್ತದೆ. ತಮ್ಮನ ಪತ್ರದಲ್ಲಿ ಪ್ರಾಮಾಣಿಕತೆ ಇದೆ. ಅದನ್ನು ಪೂರ್ತಿ ಅಳಿಸಬೇಡಿ.

ಶಿರಸಿ ಮಗಳು

ನಾನು ಇನ್ನೊಂದು ಟ್ರಸ್ಟ್‌ಗೆ ಸ್ವಯಂಸೇವಕಿಯಾಗಿ ಅರ್ಜಿ ಓದುತ್ತೇನೆ. ಮೇಡಂ, ನಿಮ್ಮ ಮಾತು ನನಗೂ ಹಿಡಿಸುತ್ತದೆ. ಆದರೆ "ಬಡ ಕುಟುಂಬ", "ಬಹಳ ಕಷ್ಟ" ಎಂಬ ಮಾತು ಪ್ರತಿ ಅರ್ಜಿಯಲ್ಲೂ ಇರುತ್ತದೆ, ಎಲ್ಲರಿಗೂ ನಿಜವೇ. ನಾನು ಓದಿದ ಮೇಲೆ ಸಮಿತಿಯ ಮುಂದೆ ಇಟ್ಟು ಮಾತಾಡಬೇಕಾದವಳು ನಾನೇ. "ತಂದೆ 14 ವರ್ಷ ಮಾಡಿದ ಕೆಲಸ ಮೇ 31ಕ್ಕೆ ಹೋಗಿದೆ, ಈಗ ಅರ್ಧ ಸಂಬಳಕ್ಕೂ ಕಡಿಮೆ" ಎನ್ನುವ ಒಂದು ಸಾಲು ಸಿಕ್ಕರೆ ಅದನ್ನು ಅಲ್ಲಿ ಹೇಳಬಹುದು. "ಬಹಳ ಕಷ್ಟ" ಎಂಬುದನ್ನು ಹೇಗೆ ಹೇಳಲಿ? ಸಂಕಟ ಆ ಅಂಕಿಯಲ್ಲೇ ಇದೆ.

ಇಬ್ಬರು ಸಹಪಾಠಿಗಳಿಗೆ ಸಿಕ್ಕಿದೆ ಎಂಬ ಸಾಲು ದಯವಿಟ್ಟು ತೆಗೆಯಿರಿ. ಅವರ ಮನೆಯ ಕಡತ ತಮ್ಮನಿಗೆ ಗೊತ್ತಿಲ್ಲ. ನಮಗೆ ಅಂಥ ಪತ್ರ ಬಂದರೆ ಮೊದಲು ಆ ಇಬ್ಬರ ಬಗ್ಗೆ ವಿಚಾರಣೆ ಶುರುವಾಗುತ್ತದೆ. ತಮ್ಮನ ಅರ್ಜಿ ಅಲ್ಲಿಗೆ ನಿಲ್ಲುತ್ತದೆ.

ಇನ್ನೊಂದು: ಎಷ್ಟು ಹಣ ಬಾಕಿ ಇದೆ, ಯಾವಾಗ ಕಟ್ಟಬೇಕು ಎಂದು ಬರೆದಿಲ್ಲ. ನವೆಂಬರ್ ಹೊತ್ತಿಗೆ ಬಹಳ ಟ್ರಸ್ಟ್‌ಗಳಲ್ಲಿ ಹಣ ಹಂಚಿ ಮುಗಿದಿರುತ್ತದೆ. ಉಳಿದಿರುವುದರಲ್ಲಿ ಕೊಡಬಹುದಾ ಎಂದು ನೋಡಲು ಮೊತ್ತ ಗೊತ್ತಿರಬೇಕು.

ತುಮಕೂರಿನ ಅಕ್ಕ

ಈ ವರ್ಷದ ಶುಲ್ಕ 78,000. ನಲವತ್ತು ಸಾವಿರ ಕಟ್ಟಿದ್ದೇವೆ, 38,000 ಬಾಕಿ. ಡಿಸೆಂಬರ್ 20ರೊಳಗೆ ಕಟ್ಟಬೇಕು. ಗ್ರ್ಯಾಚುಯಿಟಿ ಹಣದಲ್ಲೇ ಆ ನಲವತ್ತು ಸಾವಿರ ಕಟ್ಟಿದ್ದು. ಉಳಿದದ್ದರಲ್ಲಿ ಹಳೆ ಕೈಸಾಲ ತೀರಿಸಿದ್ದೇವೆ, ಎರಡು ತಿಂಗಳ ಮನೆ ಖರ್ಚು ಹೋಗಿದೆ.

ಎಸ್‌ಎಸ್‌ಪಿಗೂ ಅರ್ಜಿ ಹಾಕಿದ್ದಾನೆ, ಇನ್ನೂ ಪರಿಶೀಲನೆಯಲ್ಲಿದೆ. ಅದನ್ನು ಹೇಳಬೇಕಾ? ಹೇಳಿದರೆ "ಅಲ್ಲಿ ಬರುತ್ತದಲ್ಲ" ಎಂದು ಬಿಟ್ಟುಬಿಡುತ್ತಾರಾ?

ಹಳೆ ಕಡತ

ಹೇಳಲೇಬೇಕು. ಒಂದು ಸಾಲಲ್ಲಿ ಹೇಳಿ ಮುಗಿಸಿ. ನಾಳೆ ಕಾಲೇಜಿಗೆ ಫೋನ್ ಮಾಡಿದರೆ ಅವರಿಗೆ ಗೊತ್ತಾಗುತ್ತದೆ.

ಎಲ್ಲರ ಮಾತು ಸೇರಿಸಿ ಒಂದು ಕರಡು ಮಾಡಿದ್ದೇನೆ. ತಮ್ಮ ತನ್ನ ಮಾತಿನಲ್ಲಿ ತಿದ್ದಿಕೊಳ್ಳಲಿ. ಅವನ ಹೆಸರಲ್ಲೇ, ಅವನ ಸಹಿಯಲ್ಲೇ, ಅರ್ಜಿ ಹಾಕಿದ ಮೇಲ್ ವಿಳಾಸದಿಂದಲೇ ಹೋಗಬೇಕು. ಅರ್ಜಿದಾರ ಅವನು, ಅಕ್ಕ ಅಲ್ಲ.

> ಇವರಿಗೆ,
> ಕಾರ್ಯದರ್ಶಿಗಳು, ವಿದ್ಯಾರ್ಥಿವೇತನ ಆಯ್ಕೆ ಸಮಿತಿ
>
> ಮಾನ್ಯರೇ,
>
> ವಿಷಯ: ಹೊಸ ದಾಖಲೆಗಳ ಆಧಾರದ ಮೇಲೆ ಅರ್ಜಿಯ ಮರುಪರಿಶೀಲನೆಗೆ ಮನವಿ
> ಉಲ್ಲೇಖ: ಅರ್ಜಿ ಸಂಖ್ಯೆ ........; ದಿನಾಂಕ 12-11-2024ರ ತಮ್ಮ ಇ-ಮೇಲ್
>
> ನನ್ನ ಅರ್ಜಿಯನ್ನು ಪರಿಶೀಲಿಸಿ ಕಾರಣ ತಿಳಿಸಿದ್ದಕ್ಕೆ ಧನ್ಯವಾದಗಳು. ನಾನು ಸಲ್ಲಿಸಿದ್ದ ಆದಾಯ ತೆರಿಗೆ ರಿಟರ್ನ್‌ನಲ್ಲಿ ತಂದೆಯವರ ಸಂಬಳ 3,60,000 ರೂ. ಇದೆ. ಅದರ ಪ್ರಕಾರ ನಮ್ಮ ಕುಟುಂಬ ಆದಾಯ ಮಿತಿಯನ್ನು ಮೀರುತ್ತದೆ ಎಂಬುದನ್ನು ಒಪ್ಪುತ್ತೇನೆ.
>
> ಆ ರಿಟರ್ನ್ 2024ರ ಮಾರ್ಚ್‌ಗೆ ಮುಗಿದ ವರ್ಷದ್ದು. ತಂದೆಯವರು 14 ವರ್ಷ ಕೆಲಸ ಮಾಡಿದ ಕಾರ್ಖಾನೆಯ ಘಟಕ 31-05-2024ಕ್ಕೆ ಮುಚ್ಚಿದೆ. ಅರ್ಜಿ ನಮೂನೆಯಲ್ಲಿ ಇದನ್ನು ತಿಳಿಸಲು ಕಾಲಂ ಇಲ್ಲದ ಕಾರಣ ಈ ಮಾಹಿತಿ ಸಮಿತಿಯ ಮುಂದೆ ಬಂದಿಲ್ಲ. ಜೂನ್ ಮತ್ತು ಜುಲೈನಲ್ಲಿ ಅವರಿಗೆ ಕೆಲಸ ಇರಲಿಲ್ಲ. ಆಗಸ್ಟ್‌ನಿಂದ ಹಾರ್ಡ್‌ವೇರ್ ಅಂಗಡಿಯಲ್ಲಿ ತಿಂಗಳಿಗೆ 14,000 ರೂ. ನಗದು ಸಂಬಳಕ್ಕೆ ಕೆಲಸ ಮಾಡುತ್ತಿದ್ದಾರೆ.
>
> 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ ನಮ್ಮ ಮನೆಯ ಆದಾಯ ಹೀಗಿದೆ: ಏಪ್ರಿಲ್, ಮೇ ಸಂಬಳ 60,000, ಆಗಸ್ಟ್‌ನಿಂದ ಮಾರ್ಚ್‌ವರೆಗೆ ಎಂಟು ತಿಂಗಳಿಗೆ 1,12,000, ತಾಯಿಯವರ ಟೈಲರಿಂಗ್‌ನಿಂದ 48,000. ಒಟ್ಟು 2,20,000 ರೂ.
>
> ನಾನು ಕೊಟ್ಟಿರುವ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಜೂನ್ ತಿಂಗಳಲ್ಲಿ 1,47,000 ರೂ. ಜಮಾ ಆಗಿದೆ. ಅದು 14 ವರ್ಷದ ಸೇವೆಯ ಗ್ರ್ಯಾಚುಯಿಟಿ, ಒಂದು ಸಲ ಮಾತ್ರ ಬಂದಿರುವ ಹಣ. ಈ ವರ್ಷದ ಶುಲ್ಕದ ಮೊದಲ ಕಂತು 40,000 ರೂ. ಕಟ್ಟಿದ್ದು ಅದರಿಂದಲೇ.
>
> ಇನ್ನೂ 38,000 ರೂ. ಶುಲ್ಕವನ್ನು 20-12-2024ರೊಳಗೆ ಕಟ್ಟಬೇಕಿದೆ. ಎಸ್‌ಎಸ್‌ಪಿಗೆ ಸಲ್ಲಿಸಿದ ಅರ್ಜಿ ಪರಿಶೀಲನೆಯಲ್ಲಿದೆ. ಬೇರೆ ಯಾವ ವಿದ್ಯಾರ್ಥಿವೇತನವೂ ಬಂದಿಲ್ಲ.
>
> ಈ ದಾಖಲೆಗಳನ್ನು ನೋಡಿ ನನ್ನ ಅರ್ಜಿಯನ್ನು ಮರುಪರಿಶೀಲಿಸಬೇಕೆಂದು ಕೋರುತ್ತೇನೆ. ಈ ವರ್ಷದ ಹಂಚಿಕೆ ಮುಗಿದಿದ್ದರೆ, ಯಾರಾದರೂ ಬಿಟ್ಟ ಸ್ಥಾನಕ್ಕೆ ಪರಿಗಣಿಸಲು ಸಾಧ್ಯವೇ ಎಂದು ತಿಳಿಸಬೇಕಾಗಿ ವಿನಂತಿ. ಹೆಚ್ಚಿನ ದಾಖಲೆ ಅಥವಾ ಮನೆ ಭೇಟಿ ಬೇಕಿದ್ದರೆ ನಾವು ಸಿದ್ಧ.
>
> ತಮ್ಮ ವಿಶ್ವಾಸಿ,
> (ಸಹಿ)
>
> ಲಗತ್ತು: 1. ಘಟಕ ಮುಚ್ಚಿದ ನೋಟಿಸ್ 2. ಪಿಎಫ್ ಸೇವಾ ವಿವರ ಮತ್ತು ಪಾಸ್‌ಬುಕ್ 3. ಗ್ರ್ಯಾಚುಯಿಟಿ ಲೆಕ್ಕದ ಚೀಟಿ 4. ತಂದೆಯವರ ಅಫಿಡವಿಟ್ 5. ಹೊಸ ಆದಾಯ ಪ್ರಮಾಣಪತ್ರದ ಅರ್ಜಿ ಸ್ವೀಕೃತಿ 6. ಶುಲ್ಕದ ರಸೀದಿ ಮತ್ತು ಬಾಕಿ ವಿವರ

ಕರಾವಳಿ ಹುಡುಗ

ಪತ್ರ ಚೆನ್ನಾಗಿದೆ ಸರ್. ಆದರೆ "ಹಂಚಿಕೆ ಮುಗಿದಿದ್ದರೆ" ಎನ್ನುವ ಸಾಲು ಬೇಡ ಅನಿಸುತ್ತದೆ. ನಾವೇ ಅವರಿಗೆ ತಪ್ಪಿಸಿಕೊಳ್ಳುವ ದಾರಿ ತೋರಿಸಿದ ಹಾಗೆ. ಒಂದೇ ಕೇಳಿ, ನೇರವಾಗಿ ಕೇಳಿ.

ಶಿರಸಿ ಮಗಳು

ನನಗೆ ಆ ಸಾಲು ಬೇಕು. ಪ್ರತಿ ವರ್ಷ ಒಬ್ಬಿಬ್ಬರು ಓದು ಬದಲಿಸುತ್ತಾರೆ, ಬೇರೆ ಕಡೆ ಹಣ ಸಿಕ್ಕಿತು ಎಂದು ಬಿಡುತ್ತಾರೆ. ಆಗ ಮೇಜಿನ ಮೇಲೆ ಇಂಥ ಪತ್ರ ಇದ್ದರೆ ಅದೇ ಮೊದಲು ನೆನಪಾಗುತ್ತದೆ. ನಮ್ಮಲ್ಲಿ ಹೀಗೆ. ಎಲ್ಲ ಟ್ರಸ್ಟ್ ಹೀಗೇ ಎಂದು ಹೇಳಲಾರೆ.

ನನ್ನ ಚಿಂತೆ ಗ್ರ್ಯಾಚುಯಿಟಿ. 2,20,000ಕ್ಕೆ 1,47,000 ಸೇರಿಸಿದರೆ 3,67,000 ಆಗುತ್ತದೆ, ಮತ್ತೆ ಮಿತಿಯ ಹೊರಗೆ. ನಮ್ಮ ಸಮಿತಿಯಲ್ಲೇ ಈ ಬಗ್ಗೆ ಎರಡು ಅಭಿಪ್ರಾಯ ಇದೆ. ಒಬ್ಬರು ಬಂದ ಹಣವೆಲ್ಲ ಆದಾಯ ಎನ್ನುತ್ತಾರೆ.

ಹಳೆ ಕಡತ

ನಿಜ. ಅದು ಆ ಟ್ರಸ್ಟ್‌ನ ನಿಯಮಕ್ಕೆ ಬಿಟ್ಟದ್ದು. ಗ್ರ್ಯಾಚುಯಿಟಿ 14 ವರ್ಷದ ದುಡಿಮೆಯದ್ದು, ಈ ವರ್ಷದ ಗಳಿಕೆ ಅಲ್ಲ ಎಂಬುದು ನನ್ನ ನಿಲುವು. ಸಮಿತಿ ಒಪ್ಪದಿದ್ದರೆ ಪತ್ರದಿಂದ ಬದಲಿಸಲು ಆಗುವುದಿಲ್ಲ. ಆದರೂ ಮುಚ್ಚಿಡಬಾರದು. ಸ್ಟೇಟ್‌ಮೆಂಟ್ ಆಗಲೇ ಅವರ ಹತ್ತಿರ ಇದೆ.

ಕನ್ನಡ ಮೇಡಂ

ಕರಡು ಓದಿದೆ. ನಾನು ಅಂದುಕೊಂಡಷ್ಟು ಒಣಗಿಲ್ಲ. "ಮೊದಲ ಕಂತು ಕಟ್ಟಿದ್ದು ಅದರಿಂದಲೇ" ಎಂಬ ಕಡೆ ನನಗೆ ಆ ಮನೆ ಕಂಡಿತು. ಆದರೂ ಹುಡುಗನ ಓದಿನ ಬಗ್ಗೆ ಒಂದು ಸಾಲಾದರೂ ಇರಲಿ ಎಂದು ನನ್ನ ಆಸೆ. ಅಂಕ ಎಷ್ಟು?

ತುಮಕೂರಿನ ಅಕ್ಕ

ಎರಡು ಸೆಮಿಸ್ಟರ್‌ನಲ್ಲೂ ಯಾವ ವಿಷಯವೂ ಬಾಕಿ ಇಲ್ಲ ಮೇಡಂ.

ಹಳೆ ಕಡತ

ಅವರು ತಿರಸ್ಕರಿಸಿದ್ದು ಆದಾಯಕ್ಕೆ, ಅಂಕಕ್ಕಲ್ಲ. ಕಾರಣ ಒಂದು, ಉತ್ತರ ಇನ್ನೊಂದು ಆಗಬಾರದು. ಆದರೆ ಮೇಡಂ ಹೇಳಿದ್ದಕ್ಕೆ ಶುಲ್ಕದ ಸಾಲಿನ ಹಿಂದೆ "ಮೊದಲ ವರ್ಷದ ಎಲ್ಲ ವಿಷಯಗಳಲ್ಲೂ ಉತ್ತೀರ್ಣನಾಗಿ ಎರಡನೇ ವರ್ಷದಲ್ಲಿದ್ದೇನೆ" ಎಂದು ಸೇರಿಸಿದರೆ ತೊಂದರೆ ಇಲ್ಲ. ಒಂದೇ ಸಾಲು.

ಕಳಿಸುವಾಗ ಅವರ 12ನೇ ತಾರೀಕಿನ ಮೇಲ್‌ಗೇ ಉತ್ತರವಾಗಿ ಕಳಿಸಿ, ಹೊಸ ಮೇಲ್ ಬೇಡ. ಲಗತ್ತುಗಳೆಲ್ಲ ಒಂದೇ ಪಿಡಿಎಫ್, ಪತ್ರದಲ್ಲಿರುವ ಕ್ರಮದಲ್ಲೇ. ಹತ್ತು ದಿನ ಸುಮ್ನಿರಿ. ಆಮೇಲೆ ಒಂದು ಸಲ ಫೋನ್ ಮಾಡಿ ತಲುಪಿತಾ ಎಂದು ಕೇಳಿ. ಆಗಲೂ ತಮ್ಮನೇ ಮಾತಾಡಲಿ.

ತುಮಕೂರಿನ ಅಕ್ಕ

ತಮ್ಮ ರಾತ್ರಿ ಕೂತು ತನ್ನ ಮಾತಿನಲ್ಲಿ ತಿದ್ದಿ ಕಳಿಸಿದ. ಸಹಪಾಠಿಗಳ ಸಾಲು ತೆಗೆಯಲು ಮೊದಲು ಒಪ್ಪಲಿಲ್ಲ, ಶಿರಸಿಯವರು ಬರೆದಿದ್ದನ್ನು ಓದಿದ ಮೇಲೆ ತಾನೇ ಅಳಿಸಿದ. ಬಿಟ್ಟ ಸ್ಥಾನದ ಸಾಲು ಉಳಿಸಿಕೊಂಡಿದ್ದೇವೆ. ಅಪ್ಪನ ಅಫಿಡವಿಟ್ ನೋಟರಿ ಆಗಿದೆ. ನಾಡಕಚೇರಿ ಸ್ವೀಕೃತಿಯೂ ಸಿಕ್ಕಿದೆ.

ಪೀಣ್ಯ ಸೆಕೆಂಡ್ ಸ್ಟೇಜ್

ಅಕ್ಕ, ನಮ್ಮ ಲೈನ್‌ನಲ್ಲಿದ್ದ ಇಬ್ಬರ ಮಕ್ಕಳೂ ಇಂಥದ್ದೇ ಅರ್ಜಿ ಹಾಕಿದ್ದಾರೆ, ಉತ್ತರ ಇನ್ನೂ ಬಂದಿಲ್ಲ. ಅವರು ತಿರಸ್ಕಾರ ಬರುವವರೆಗೆ ಕಾಯಬೇಕಾ, ಈಗಲೇ ಪಿಎಫ್ ದಾಖಲೆ ಕಳಿಸಬಹುದಾ?

ಶಿರಸಿ ಮಗಳು

ಈಗಲೇ ಕಳಿಸಲಿ ಅಣ್ಣ. ತೀರ್ಮಾನ ಆಗುವ ಮೊದಲು ಬಂದರೆ ಅದು ಮೇಲ್ಮನವಿ ಅಲ್ಲ, ಹೆಚ್ಚುವರಿ ದಾಖಲೆ ಅಷ್ಟೇ. ಅರ್ಜಿ ಸಂಖ್ಯೆ ಹಾಕಿ, ಐಟಿ ರಿಟರ್ನ್ ಯಾವ ವರ್ಷದ್ದು, ಕೆಲಸ ಯಾವಾಗ ಹೋಯಿತು ಎಂದು ನಾಲ್ಕು ಸಾಲು ಬರೆದರೆ ಕಡತಕ್ಕೆ ಸೇರಿಸಿಕೊಳ್ಳುತ್ತೇವೆ.

ತುಮಕೂರಿನ ಅಕ್ಕ

ಇವತ್ತು ಉತ್ತರ ಬಂತು. "ತಮ್ಮ ಪತ್ರವನ್ನು ಮುಂದಿನ ಸಭೆಯ ಮುಂದೆ ಇಡಲಾಗುವುದು. ಹೊಸ ಆದಾಯ ಪ್ರಮಾಣಪತ್ರ ಬಂದ ಕೂಡಲೇ ಕಳಿಸಿ" ಎಂದಿದೆ. ಸಭೆ ಯಾವಾಗ ಎಂದು ಹೇಳಿಲ್ಲ. ಗ್ರ್ಯಾಚುಯಿಟಿ ಬಗ್ಗೆಯೂ ಏನೂ ಇಲ್ಲ. ಸೋಮವಾರ ಗ್ರಾಮ ಆಡಳಿತಾಧಿಕಾರಿ ಸಿಗುತ್ತಾರಂತೆ, ಅಪ್ಪ ನೋಟಿಸ್ ಹಿಡಿದುಕೊಂಡು ಹೋಗುತ್ತಾರೆ.

ಹಳೆ ಕಡತ

ಸಕಾಲದ ಚೀಟಿಯನ್ನೂ ಕೊಟ್ಟು ಕಳಿಸಿ. ಅದರಲ್ಲಿ ಜಿಎಸ್‌ಸಿ ಸಂಖ್ಯೆ ಇರುತ್ತದೆ, ತಡವಾದರೆ ಅದನ್ನೇ ಹಿಡಿದು ಕೇಳಬಹುದು.